ಅಂಕದ ಹಾಳೆ ಹಿಡಿದು ಬಯೋಡೇಟಾ ಓದುವ ಕ್ರಮ

ಒಂದು ಹುದ್ದೆಗೆ ಬಂದ ಅರ್ಜಿಗಳಲ್ಲಿ ಯಾರನ್ನು ಮುಂದಿನ ಹಂತಕ್ಕೆ ಕರೆಯಬೇಕೆಂಬುದನ್ನು ಮೊದಲೇ ಬರೆದಿಟ್ಟ ಅಂಕದ ಹಾಳೆಯ ಪ್ರಕಾರ ತೀರ್ಮಾನಿಸಬಹುದು. ಆ ಕೆಲಸಕ್ಕೆ ನಿಜವಾಗಿ ಬೇಕಾದ ಮೂರೋ ನಾಲ್ಕೋ ಅಂಶಗಳು ಹಾಳೆಯಲ್ಲಿರುತ್ತವೆ. ಬಯೋಡೇಟಾದಲ್ಲಿ ಏನು ಕಂಡರೆ ಎಷ್ಟು ಅಂಕ ಎಂಬುದನ್ನು ಪ್ರತಿ ಅಂಶದ ಮುಂದೆ ಬರೆದಿರುತ್ತಾರೆ. ಶಾಲಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರ ಕೈಗೆ ಮಾದರಿ ಉತ್ತರ ಮತ್ತು ಅಂಕ ಹಂಚಿಕೆಯನ್ನು ಮೊದಲೇ ಕೊಡುವ ಹಾಗೆಯೇ ಇದು.

ಇಂಥ ಹಾಳೆ ಏಕೆ ಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಖಾಸಗಿ ಕಂಪನಿಗಳ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಿ ನೋಡಿದರು. ಅವರ ಅಧ್ಯಯನ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಓದು, ಅನುಭವ ಎಲ್ಲ ಸರಿಸಮ ಇದ್ದರೂ ಮೇಲ್ಜಾತಿಯದೆಂದು ತೋರುವ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟೇ ಇತ್ತು. ಮುಸ್ಲಿಂ ಹೆಸರಿನ ಅರ್ಜಿಗೆ ಅದು ಮೂರನೇ ಒಂದರಷ್ಟಕ್ಕೆ ಇಳಿದಿತ್ತು. ಅರ್ಹತೆ ಇದ್ದವರು ತಮ್ಮ ಮಾತು ಹೇಳಿಕೊಳ್ಳುವ ಮೊದಲೇ ಹೊರಗುಳಿದಿದ್ದರು. ಸಂದರ್ಶನವನ್ನು ಎಷ್ಟೇ ನ್ಯಾಯವಾಗಿ ನಡೆಸಿದರೂ ಅವರಿಗೆ ಅದರಿಂದ ಪ್ರಯೋಜನವಿಲ್ಲ.

ಹೆಸರು ಮುಚ್ಚಿಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಊರು, ಕಾಲೇಜು, ಹವ್ಯಾಸ, ಇಂಗ್ಲಿಷಿನ ಶೈಲಿ ಇವೆಲ್ಲವೂ ಹಿನ್ನೆಲೆಯನ್ನು ಹೇಳಿಬಿಡುತ್ತವೆ. ಅದಕ್ಕಿಂತ ಆಳದ ತೊಡಕು ಇನ್ನೊಂದಿದೆ: ಓದುವವರ ಮನಸ್ಸಿನಲ್ಲಿ ಅಳತೆಗೋಲೇ ಜರುಗುತ್ತದೆ. ಇದನ್ನು ಎರಿಕ್ ಉಲ್ಮನ್ ಮತ್ತು ಜೆಫ್ರಿ ಕೋಹೆನ್ 2005ರಲ್ಲಿ ಪ್ರಯೋಗದಿಂದ ತೋರಿಸಿದರು. ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಗಂಡಸೊಬ್ಬರನ್ನೋ ಹೆಂಗಸೊಬ್ಬರನ್ನೋ ತೂಗಿ ನೋಡಲು ಜನರಿಗೆ ಹೇಳಲಾಯಿತು. ಕೆಲವರಿಗೆ ಕೊಟ್ಟ ವಿವರದಲ್ಲಿ ಅಭ್ಯರ್ಥಿ ಬೀದಿಯ ಅನುಭವದಲ್ಲಿ ಪಳಗಿದವರು, ಇನ್ನು ಕೆಲವರಿಗೆ ಕೊಟ್ಟದ್ದರಲ್ಲಿ ಹೆಚ್ಚು ಓದಿದವರು. ಗಂಡಸಿಗೆ ಓದು ಇದ್ದಾಗ ಈ ಹುದ್ದೆಗೆ ಓದು ಮುಖ್ಯ ಎಂದರು. ಅವನಿಗೆ ಓದು ಇಲ್ಲದಾಗ ಅದೇ ಓದಿನ ಬೆಲೆ ಇಳಿಯಿತು. ಅರ್ಹತೆ ನೋಡಿ ವ್ಯಕ್ತಿಯನ್ನು ಆರಿಸುವ ಬದಲು, ವ್ಯಕ್ತಿಯನ್ನು ನೋಡಿ ಅರ್ಹತೆಯ ಅರ್ಥವನ್ನು ತಿದ್ದಿದ್ದರು. ಯಾವ ಗುಣಕ್ಕೆ ಎಷ್ಟು ತೂಕ ಎಂದು ಅಭ್ಯರ್ಥಿಯನ್ನು ನೋಡುವ ಮೊದಲೇ ಹೇಳಿಸಿಕೊಂಡಾಗ ಆ ತಾರತಮ್ಯ ಕಾಣಲಿಲ್ಲ. ಆದ್ದರಿಂದ ಹಾಳೆಯಲ್ಲಿ ಏನಿದೆ ಎಂಬುದರಷ್ಟೇ ಅದನ್ನು ಯಾವಾಗ ಬರೆದರು ಎಂಬುದೂ ಮುಖ್ಯ. ಒಂದೇ ಒಂದು ಬಯೋಡೇಟಾ ತೆರೆಯುವ ಮೊದಲು ಹಾಳೆ ಸಿದ್ಧವಾಗಿ, ಅದಕ್ಕೆ ದಿನಾಂಕ ಮತ್ತು ಸಹಿ ಬಿದ್ದಿರಬೇಕು.

ಹುಬ್ಬಳ್ಳಿಯ ಒಂದು ಸಗಟು ವ್ಯಾಪಾರದ ಸಂಸ್ಥೆಗೆ ಲೆಕ್ಕಪತ್ರ ಸಹಾಯಕರು ಬೇಕು, 60 ಅರ್ಜಿ ಬಂದಿವೆ ಎಂದು ಇಟ್ಟುಕೊಳ್ಳೋಣ. ಹಾಳೆ ಮಾಡುವವರು ಮೊದಲು ಕೇಳಿಕೊಳ್ಳಬೇಕಾದದ್ದು ಆ ಕುರ್ಚಿಯಲ್ಲಿ ಕೂತವರು ದಿನವೂ ಮಾಡುವುದೇನು ಎಂಬುದನ್ನು. ಇಲ್ಲಿ ಉತ್ತರ ಮೂರು: ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು, ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಬ್ಯಾಂಕ್ ಸ್ಟೇಟ್‌ಮೆಂಟ್‌ಗೂ ಲೆಕ್ಕದ ಪುಸ್ತಕಕ್ಕೂ ತಾಳೆ ನೋಡುವುದು. ಪ್ರತಿಯೊಂದಕ್ಕೂ ಸೊನ್ನೆಯಿಂದ 3 ಅಂಕ. ಜಿಎಸ್‌ಟಿಯಲ್ಲಿ ತಪ್ಪಾದರೆ ದಂಡ ಬೀಳುವುದರಿಂದ ಅದಕ್ಕೆ ಇಮ್ಮಡಿ. ಒಟ್ಟು 12 ಅಂಕ. 7 ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಕಿರು ಪರೀಕ್ಷೆ. ‘ಚುರುಕುತನ’, ‘ಹೊಂದಿಕೊಳ್ಳುವ ಸ್ವಭಾವ’ ಎಂಬ ಕಾಲಂಗಳಿಗೆ ಇಲ್ಲಿ ಜಾಗವಿಲ್ಲ. ಕಾಗದದಲ್ಲಿ ಕಾಣದ ಗುಣಕ್ಕೆ ಅಂಕ ಇಟ್ಟರೆ ಪೂರ್ವಗ್ರಹ ಆ ಕಾಲಂನಲ್ಲೇ ಬಂದು ಕೂರುತ್ತದೆ.

ನಿಜವಾದ ಶ್ರಮ ಇರುವುದು ಪ್ರತಿ ಅಂಕದ ಅರ್ಥವನ್ನು ಬರೆಯುವುದರಲ್ಲಿ. ಜಿಎಸ್‌ಟಿ ಕಾಲಂನಲ್ಲಿ ಉಲ್ಲೇಖವೇ ಇಲ್ಲದಿದ್ದರೆ ಸೊನ್ನೆ. ತರಬೇತಿ ಮಾತ್ರ ಇದ್ದರೆ 1. ಬೇರೆಯವರ ಮೇಲ್ವಿಚಾರಣೆಯಲ್ಲಿ ರಿಟರ್ನ್ ತಯಾರಿಸಿದ್ದರೆ 2. ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಸ್ವತಃ ಸಲ್ಲಿಸಿದ್ದರೆ 3. ಈಗ ಎರಡು ಬಯೋಡೇಟಾ ನೋಡಬಹುದು. ಒಂದು ಬೆಂಗಳೂರಿನ ಹೆಸರಾಂತ ಕಾಲೇಜಿನದು, ಅಚ್ಚುಕಟ್ಟಾದ ಇಂಗ್ಲಿಷ್, ಕೌಶಲಗಳ ಪಟ್ಟಿಯಲ್ಲಿ ಜಿಎಸ್‌ಟಿ ಕೋರ್ಸಿನ ಪ್ರಮಾಣಪತ್ರ. ಅದಕ್ಕೆ ಜಿಎಸ್‌ಟಿಯಲ್ಲಿ 1, ಇಮ್ಮಡಿಸಿದರೆ 2, ಟ್ಯಾಲಿಗೆ 2, ಬ್ಯಾಂಕ್ ತಾಳೆಗೆ 1, ಒಟ್ಟು 5. ಇನ್ನೊಂದು ತಾಲ್ಲೂಕು ಕೇಂದ್ರದ ಕಾಲೇಜಿನದು, ಅಲ್ಲಲ್ಲಿ ಕಾಗುಣಿತ ತಪ್ಪಿದೆ, ನಡುವೆ ಎರಡು ವರ್ಷ ಕೆಲಸವಿಲ್ಲ. ಆದರೆ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಮೂರು ವರ್ಷ ಹತ್ತಾರು ವ್ಯಾಪಾರಿಗಳ ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿ ಸ್ವತಃ ಸಲ್ಲಿಸಿದ ವಿವರ ಅದರಲ್ಲಿದೆ. 6, 2, 2, ಒಟ್ಟು 10. ಹಾಳೆ ಇಲ್ಲದೆ ಓದಿದ್ದರೆ ಕಣ್ಣು ಮೊದಲು ಕಾಲೇಜಿನ ಹೆಸರಿಗೂ ಆಮೇಲೆ ಆ ಎರಡು ವರ್ಷಗಳ ಖಾಲಿ ಜಾಗಕ್ಕೂ ಹೋಗುತ್ತಿತ್ತು. ಹಾಳೆಯಲ್ಲಿ ಇವೆರಡಕ್ಕೂ ಕಾಲಂ ಇಲ್ಲ.

ಅಂಕ ಹಾಕುವ ರೀತಿಯೂ ಫಲಿತಾಂಶವನ್ನು ಬದಲಿಸುತ್ತದೆ. ಒಬ್ಬರ ಬಯೋಡೇಟಾವನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದರೆ ಮೊದಲ ಕಾಲಂನ ಮೆಚ್ಚುಗೆ ಉಳಿದ ಕಾಲಂಗಳಿಗೂ ಹರಡುತ್ತದೆ. ಆದ್ದರಿಂದ 60 ಬಯೋಡೇಟಾಗಳಲ್ಲಿ ಮೊದಲು ಜಿಎಸ್‌ಟಿ ಒಂದನ್ನೇ ನೋಡಿ ಮುಗಿಸಿ, ಆಮೇಲೆ ಟ್ಯಾಲಿಗೆ ಬರುವುದು ಒಳ್ಳೆಯದು. ಇಬ್ಬರು ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದ ಹಾಗೆ ಬೇರೆಬೇರೆಯಾಗಿ ಹಾಕಬೇಕು. ‘ಜಿಎಸ್‌ಟಿ ಕೆಲಸ ನೋಡಿಕೊಂಡಿದ್ದೇನೆ’ ಎಂಬ ಒಂದೇ ಸಾಲಿಗೆ ಒಬ್ಬರು 3, ಇನ್ನೊಬ್ಬರು 1 ಕೊಟ್ಟರೆ ಸರಾಸರಿ ತೆಗೆದು 2 ಎಂದು ಬರೆಯುವುದು ಸುಲಭ, ಆದರೆ ತಪ್ಪು. ಆ ವ್ಯತ್ಯಾಸ ಹಾಳೆಯ ಮಾತು ಸ್ಪಷ್ಟವಾಗಿಲ್ಲ ಎಂದು ಹೇಳುತ್ತಿದೆ. ಯಾವ ರಿಟರ್ನ್, ಎಷ್ಟು ಕಾಲ ಎಂಬ ವಿವರವಿಲ್ಲದ ಸಾಲಿಗೆ 1ಕ್ಕಿಂತ ಹೆಚ್ಚಿಲ್ಲ ಎಂದು ಹಾಳೆಗೆ ಸೇರಿಸಿ, ಆ ಕಾಲಂ ಅನ್ನು 60 ಬಯೋಡೇಟಾಗಳಿಗೂ ಹೊಸದಾಗಿ ಹಾಕಬೇಕು. ಒಬ್ಬರಿಗಷ್ಟೇ ತಿದ್ದಿದರೆ ಅಳತೆಗೋಲು ಮತ್ತೆ ಜರುಗಿದಂತೆಯೇ.

ಹಾಳೆಯಲ್ಲೇ ಪೂರ್ವಗ್ರಹ ಅಡಗಿರಬಹುದು. ‘ಬಿಡುವಿಲ್ಲದೆ ಸತತ ಮೂರು ವರ್ಷ ಅನುಭವ’ ಎಂಬ ನಾಲ್ಕನೇ ಕಾಲಂ ಸೇರಿತ್ತು ಎಂದುಕೊಳ್ಳಿ. ಅದು ಎಲ್ಲರಿಗೂ ಒಂದೇ ನಿಯಮದಂತೆ ಕಾಣುತ್ತದೆ. ಹೆರಿಗೆಗೋ ಮನೆಯ ಹಿರಿಯರ ಆರೈಕೆಗೋ ಕೆಲಸ ಬಿಟ್ಟವರ ಮೇಲೆ ಮಾತ್ರ ಪೆಟ್ಟು ಬೀಳುತ್ತದೆ. ಇದನ್ನು ಎಣಿಸಿಯೇ ಹಿಡಿಯಬೇಕು. 36 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 3 ಮಂದಿ ತೇರ್ಗಡೆಯಾದರೆ ಮೊದಲನೆಯದು ಮೂರರಲ್ಲಿ ಒಬ್ಬರು, ಎರಡನೆಯದು ಎಂಟರಲ್ಲಿ ಒಬ್ಬರು. ಅಮೆರಿಕದ 1978ರ ಸರ್ಕಾರಿ ಮಾರ್ಗಸೂಚಿಯ ಪ್ರಕಾರ ಒಂದು ಗುಂಪಿನ ತೇರ್ಗಡೆ ಪ್ರಮಾಣ ಅತಿ ಹೆಚ್ಚು ತೇರ್ಗಡೆಯಾದ ಗುಂಪಿನ ಐದನೇ ನಾಲ್ಕು ಭಾಗಕ್ಕಿಂತ ಕೆಳಗಿದ್ದರೆ ಅನುಮಾನ ಪಡಬೇಕು. ಇಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ಸಂಖ್ಯೆಯಿಂದ ತಾರತಮ್ಯ ನಡೆದೇ ಇದೆ ಎನ್ನಲಾಗದು. ಆದರೆ ಹೆಂಗಸರು ಯಾವ ಕಾಲಂನಲ್ಲಿ ಹಿಂದೆ ಬಿದ್ದರು ಎಂದು ನೋಡಲು ಇಷ್ಟು ಸಾಕು. ಸತತ ಅನುಭವ ಆ ಕುರ್ಚಿಯ ಕೆಲಸಕ್ಕೆ ಬೇಕೇ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಕಾಲಂ ತೆಗೆಯಬೇಕು. ಈ ಎಣಿಕೆಗೆ ಬೇಕಾದ ಹೆಸರು, ಲಿಂಗದ ವಿವರಗಳು ಅಂಕ ಹಾಕದ ಮೂರನೆಯವರ ಬಳಿ ಇರಬೇಕು.

ಹಾಳೆಗೂ ಮಿತಿಯಿದೆ. ಬಯೋಡೇಟಾದಲ್ಲಿ ಬರೆದದ್ದು ನಿಜವೇ ಎಂದು ಅದು ಪರೀಕ್ಷಿಸುವುದಿಲ್ಲ. ಮಾಡಿದ ಕೆಲಸವನ್ನು ವಿವರವಾಗಿ ಬರೆಯಲು ಬಾರದವರಿಗೆ ಅಂಕ ತಪ್ಪುತ್ತದೆ. ಎರಡನೆಯದಕ್ಕೆ ಪರಿಹಾರ ಜಾಹೀರಾತಿನಲ್ಲೇ ಇದೆ: ಯಾವ ರಿಟರ್ನ್‌ಗಳನ್ನು, ಎಷ್ಟು ಕಾಲ, ಯಾರ ಮೇಲ್ವಿಚಾರಣೆಯಲ್ಲಿ ಸಲ್ಲಿಸಿದ್ದೀರಿ ಎಂದು ಎಲ್ಲರಿಗೂ ಒಂದೇ ನಮೂನೆಯಲ್ಲಿ ಕೇಳಿದರೆ ಬರವಣಿಗೆಯ ಜಾಣ್ಮೆಗೆ ಸಿಗುವ ಲಾಭ ಕಡಿಮೆಯಾಗುತ್ತದೆ. ಮೊದಲನೆಯದಕ್ಕೆ ಕಿರು ಪರೀಕ್ಷೆ ಬೇಕು. ಒಂದು ತಿಂಗಳ ಬಿಲ್ಲುಗಳನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಮುಂದಿಟ್ಟರೆ ಒಂದು ಗಂಟೆಯಲ್ಲಿ ಕೆಲಸ ಬಲ್ಲವರು ಯಾರೆಂದು ತಿಳಿಯುತ್ತದೆ. ಪರೀಕ್ಷೆ ತಿದ್ದುವವರಿಗೂ ಸಂದರ್ಶನ ನಡೆಸುವವರಿಗೂ ಹಾಳೆಯ ಅಂಕ ತೋರಿಸಬಾರದು. 10 ಅಂಕ ತಂದವರು ಎಂದು ಗೊತ್ತಾದರೆ ಅವರ ತಡವರಿಕೆಯೂ ಯೋಚನೆಯಂತೆ ಕಂಡೀತು. 7ರವರ ಅದೇ ತಡವರಿಕೆ ಅಜ್ಞಾನ ಎನಿಸೀತು.