ಚಳಿಗೆ ಪೆಡಸಾಗುವ ಉಕ್ಕು

1998ರ ಸೆಪ್ಟೆಂಬರ್ 25ರ ಬೆಳಿಗ್ಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಾಂಗ್‌ಫೋರ್ಡ್ ಅನಿಲ ಸ್ಥಾವರದಲ್ಲಿ ಬಿಸಿ ಎಣ್ಣೆ ಹರಿಸುವ ಪಂಪುಗಳು ನಿಂತುಹೋದವು. ಅಲ್ಲಿದ್ದ ಜಿಪಿ905 ಎಂಬ ಶಾಖ ವಿನಿಮಯಕ ದಿನವೂ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತಿದ್ದ ಪಾತ್ರೆ. ಬಿಸಿ ಬರುವುದು ನಿಂತಿತು, ತಣ್ಣನೆಯ ದ್ರವ ಮಾತ್ರ ಹರಿಯುತ್ತಲೇ ಇತ್ತು. ಕೆಲವೇ ಗಂಟೆಗಳಲ್ಲಿ ಅದರ ಉಕ್ಕು ಮೈನಸ್ 48 ಡಿಗ್ರಿಗೆ ಇಳಿಯಿತು, ಹೊರಮೈಯಲ್ಲಿ ಹಿಮ ಕಟ್ಟಿತು. ಮಧ್ಯಾಹ್ನ ಬಿಸಿ ಎಣ್ಣೆಯನ್ನು ಮತ್ತೆ ಹರಿಸತೊಡಗಿದಾಗ ಪಾತ್ರೆ ಸೀಳಿತು, ಹೊರನುಗ್ಗಿದ ಅನಿಲಕ್ಕೆ ಬೆಂಕಿ ತಗುಲಿತು. ಇಬ್ಬರು ಸತ್ತರು, ಎಂಟು ಜನ ಗಾಯಗೊಂಡರು. ರಾಜ್ಯದ ಬಹುಭಾಗಕ್ಕೆ ಎರಡು ವಾರಕ್ಕೂ ಹೆಚ್ಚು ಕಾಲ ಅನಿಲ ಬರಲಿಲ್ಲ.

ಆ ಪಾತ್ರೆ ಕಳಪೆ ಉಕ್ಕಿನದೇನಲ್ಲ, ಸಾಮಾನ್ಯ ಕಾರ್ಬನ್ ಉಕ್ಕಿನದು. ಬಿಸಿಯಲ್ಲಿ ವರ್ಷಗಟ್ಟಲೆ ದುಡಿದಿತ್ತು. ಆದರೆ ಈ ಜಾತಿಯ ಉಕ್ಕಿಗೆ ಎರಡು ಗುಣಗಳಿವೆ. ಬೆಚ್ಚಗಿದ್ದಾಗ ಪೆಟ್ಟು ಬಿದ್ದರೆ ಅದು ಬಾಗುತ್ತದೆ, ಹಿಗ್ಗುತ್ತದೆ. ಬಿರುಕಿದ್ದರೂ ಮುಂದೆ ಸಾಗಲು ಬಿಡದೆ ತಡೆಯುತ್ತದೆ. ಚಳಿಯಲ್ಲಿ ಬಾಗುವ ಮೊದಲೇ ಒಡೆಯುತ್ತದೆ. ಬಿಸಿ ಪಾಕದಲ್ಲಿ ಬಗ್ಗುವ ಕಡಲೆ ಚಿಕ್ಕಿ ಆರಿದ ಮೇಲೆ ಪಟ್ಟನೆ ಮುರಿಯುವ ಹಾಗೆ. ಉಕ್ಕು ಬಾಗಬೇಕಾದರೆ ಹರಳಿನೊಳಗಿನ ಅಣುಗಳ ಸಾಲುಗಳು ಒಂದರ ಮೇಲೊಂದು ಜಾರಬೇಕು. ಸಾಮಾನ್ಯ ಉಕ್ಕಿನಲ್ಲಿ ಆ ಜಾರಿಕೆಗೆ ಶಾಖದ ನೆರವು ಬೇಕು. ತಣ್ಣಗಾದಂತೆ ಜಾರುವುದು ಕಷ್ಟವಾಗುತ್ತದೆ, ಒಂದು ಹಂತದಲ್ಲಿ ಜಾರುವುದಕ್ಕಿಂತ ಸೀಳುವುದೇ ಸುಲಭವಾಗುತ್ತದೆ. ವಿಚಿತ್ರವೆಂದರೆ, ಎಳೆದು ನೋಡುವ ಪರೀಕ್ಷೆಯಲ್ಲಿ ತಣ್ಣನೆಯ ಉಕ್ಕು ಇನ್ನಷ್ಟು ಬಲಶಾಲಿಯಾಗಿಯೇ ಕಾಣುತ್ತದೆ. ಬಲವನ್ನಷ್ಟೇ ನಂಬಿದವರು ಮೋಸಹೋಗುವುದು ಇಲ್ಲೇ.

ಆ ಮೋಸವನ್ನು ಹಿಡಿಯುವ ಪರೀಕ್ಷೆಗೆ ಫ್ರಾನ್ಸಿನ ಜಾರ್ಜ್ ಚಾರ್ಪಿಯ ಹೆಸರಿದೆ. ಉಪಾಯ ಸರಳ. 10 ಮಿಲಿಮೀಟರ್ ಚೌಕದ, 55 ಮಿಲಿಮೀಟರ್ ಉದ್ದದ ತುಂಡಿನ ನಡುವೆ ಇಂಗ್ಲಿಷಿನ ‘ವಿ’ ಅಕ್ಷರದಂತೆ 2 ಮಿಲಿಮೀಟರ್ ಆಳದ ಕಚ್ಚು ಹಾಕುತ್ತಾರೆ. ಬಿರುಕಿರುವ ಉಪಕರಣದ ಸ್ಥಿತಿಯನ್ನು ಅನುಕರಿಸುವುದು ಈ ಕಚ್ಚಿನ ಕೆಲಸ. ತುಂಡನ್ನು ಬೇಕಾದ ಶೀತಕ್ಕೆ ಇಳಿಸಿದ ದ್ರವದಲ್ಲಿ ಐದು ನಿಮಿಷವಾದರೂ ಮುಳುಗಿಸಿಟ್ಟು, ಹೊರತೆಗೆದ ಐದು ಸೆಕೆಂಡಿನೊಳಗೆ ಕಚ್ಚಿನ ಹಿಂಬದಿಗೆ ಲೋಲಕದಂತೆ ತೂಗುವ ಸುತ್ತಿಗೆಯಿಂದ ಹೊಡೆಯುತ್ತಾರೆ. ತಡವಾದರೆ ತುಂಡು ಬೆಚ್ಚಗಾಗಿ, ಇಲ್ಲದ ಗುಣವನ್ನು ತೋರಿಸಿಬಿಡುತ್ತದೆ. ತುಂಡು ಮುರಿದ ಮೇಲೆ ಸುತ್ತಿಗೆ ಆ ಬದಿಯಲ್ಲಿ ಎಷ್ಟು ಕಡಿಮೆ ಎತ್ತರಕ್ಕೆ ಏರಿತು ಎಂಬುದರಿಂದ ಉಕ್ಕು ಹೀರಿಕೊಂಡ ಶಕ್ತಿ ಜೌಲ್‌ಗಳಲ್ಲಿ ಸಿಗುತ್ತದೆ.

ಬೇರೆ ಬೇರೆ ತಾಪಮಾನಗಳಲ್ಲಿ ಹೀಗೆ ಮುರಿದು ಗೆರೆ ಎಳೆದರೆ ಬೆಚ್ಚಗಿನ ಕಡೆ ಎತ್ತರದ ಬಯಲು, ತಣ್ಣನೆಯ ಕಡೆ ತಗ್ಗಿನ ಬಯಲು, ನಡುವೆ ಇಳಿಜಾರು ಕಾಣುತ್ತದೆ. ಕೋಣೆಯ ಬಿಸಿಯಲ್ಲಿ 100 ಜೌಲ್ ಹೀರುವ ಉಕ್ಕು ಆ ಇಳಿಜಾರು ದಾಟಿದ ಮೇಲೆ 10 ಜೌಲನ್ನೂ ಹೀರದಿರಬಹುದು. ಮುರಿದ ಮುಖ ನೋಡಿದರೂ ತಿಳಿಯುತ್ತದೆ. ಮಂಕಾಗಿ, ನಾರುನಾರಾಗಿ, ಅಂಚು ಉಬ್ಬಿದ್ದರೆ ಬಾಗಿ ಮುರಿದದ್ದು. ಸಕ್ಕರೆ ಹರಳಿನಂತೆ ಮಿನುಗುತ್ತ ಚಪ್ಪಟೆಯಾಗಿದ್ದರೆ ಪೆಡಸಾಗಿ ಒಡೆದದ್ದು. ಇಳಿಜಾರಿನಲ್ಲಿ ಅಂಕಿಗಳು ತುಂಬ ಚದುರುವುದರಿಂದ ಒಂದೇ ತುಂಡನ್ನು ನಂಬುವುದಿಲ್ಲ. ಮೂರನ್ನು ಮುರಿಯುತ್ತಾರೆ. ಯುರೋಪಿನಲ್ಲಿ ಬಹಳ ಬಳಕೆಯಲ್ಲಿರುವ ಗಡಿ ಎಂದರೆ ಮೂರರ ಸರಾಸರಿ 27 ಜೌಲ್, ಯಾವ ತುಂಡೂ ಅದರ ಶೇಕಡ 70ಕ್ಕಿಂತ ಕೆಳಗಿಳಿಯಬಾರದು.

ಬೆಸುಗೆಯಾದಲ್ಲಿ ಇದೆಲ್ಲ ಇನ್ನೊಮ್ಮೆ ಆಗಬೇಕು. ಬೆಸುಗೆಯ ಲೋಹ ಮತ್ತು ಪಕ್ಕದಲ್ಲಿ ಬಿಸಿ ತಗುಲಿದ ಪಟ್ಟಿಯ ಹರಳುಗಳು ದಪ್ಪವಾಗಿ, ಮೂಲ ತಗಡಿಗಿಂತ ಬೇಗ ಪೆಡಸಾಗಬಹುದು. ಪರೀಕ್ಷೆಗೂ ಮಿತಿಯಿದೆ. 10 ಮಿಲಿಮೀಟರಿನ ತುಂಡು ಪಾಸಾಯಿತೆಂದು 80 ಮಿಲಿಮೀಟರಿನ ಗೋಡೆಯೂ ಹಾಗೆಯೇ ನಡೆದುಕೊಳ್ಳುತ್ತದೆ ಎಂದಲ್ಲ. ದಪ್ಪ ಹೆಚ್ಚಿದಷ್ಟೂ ಉಕ್ಕಿಗೆ ಹಿಗ್ಗಲು ಜಾಗ ಕಡಿಮೆ.

ಹಾಗಾಗಿ ತಣ್ಣನೆಯ ಕೆಲಸಕ್ಕೆ ಉಕ್ಕನ್ನೇ ಬದಲಿಸುತ್ತಾರೆ. ಮೈನಸ್ 45ರವರೆಗೆ ಹರಳು ಸಣ್ಣದಾಗುವಂತೆ ಹದಗೊಳಿಸಿ, ಆ ಶೀತದಲ್ಲೇ ಪರೀಕ್ಷಿಸಿದ ಕಾರ್ಬನ್ ಉಕ್ಕು ಸಾಕು. ಮೈನಸ್ 100ಕ್ಕೆ ಮೂರೂವರೆ ಶೇಕಡ ನಿಕ್ಕಲ್ ಬೇಕು. ಮೈನಸ್ 162ರಲ್ಲಿರುವ ದ್ರವೀಕೃತ ನೈಸರ್ಗಿಕ ಅನಿಲದ ತೊಟ್ಟಿಗೆ 9 ಶೇಕಡ ನಿಕ್ಕಲ್ ಉಕ್ಕು. ಅಡುಗೆಮನೆಯ ಪಾತ್ರೆಗಳಲ್ಲೂ ಬರುವ 304 ಸ್ಟೇನ್‌ಲೆಸ್ ಸ್ಟೀಲ್‌ನ ಹರಳಿನ ರಚನೆಯೇ ಬೇರೆಯಾದ್ದರಿಂದ ಅದಕ್ಕೆ ಈ ಕುಸಿತ ಬರುವುದಿಲ್ಲ.

ಗೋದಾಮಿನಲ್ಲಿ ಮಾತ್ರ ಎಚ್ಚರ ಬೇಕು. ಸಾಮಾನ್ಯ ಎ106 ಪೈಪನ್ನೂ ಶೀತಕ್ಕೆಂದೇ ಮಾಡಿದ ಎ333 ಗ್ರೇಡ್ 6 ಪೈಪನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದು, ರಾಸಾಯನಿಕ ಅಂಶಗಳೂ ಹೆಚ್ಚುಕಡಿಮೆ ಒಂದೇ. ಗೊತ್ತಾಗುವುದು ಮೈಮೇಲಿನ ಮುದ್ರೆ ಮತ್ತು ಪ್ರಮಾಣಪತ್ರದಿಂದಲೇ. ಪತ್ರ ಕೈಗೆ ಬಂದಾಗ ಜೌಲ್ ಅಂಕಿಯ ಪಕ್ಕದಲ್ಲಿ ಯಾವ ತಾಪಮಾನ ಬರೆದಿದೆ ಎಂದು ಮೊದಲು ನೋಡಿ. ಅದು ಬರೆದಿಲ್ಲದಿದ್ದರೆ ಆ ಪೈಪನ್ನು ತಣ್ಣನೆಯ ಲೈನಿಗೆ ಹಾಕಲು ಬಿಡಬೇಡಿ.