ಯಶವಂತಪುರಕ್ಕೋ, ದಾವಣಗೆರೆಗೋ?

ಹರಿಹರದ ಭತ್ತದ ರೈತನಿಗೆ ಈ ತಲೆನೋವು ಅಷ್ಟಾಗಿಲ್ಲ. ಭದ್ರಾ ನೀರಿನ ಭತ್ತ ಕೊಳ್ಳಲು ಎಷ್ಟೋ ಸಲ ವ್ಯಾಪಾರಿಯೇ ಕಣಕ್ಕೆ ಬರುತ್ತಾನೆ. ತಲೆ ಕೆಡಿಸುವುದು ಖುಷ್ಕಿ ಹೊಲದ ಈರುಳ್ಳಿ. ಹದಿನೈದು ಕಿಲೋಮೀಟರಿನೊಳಗೆ ದಾವಣಗೆರೆ ಎಪಿಎಂಸಿ ಇದೆ. ಆದರೆ ಪೇಪರಿನಲ್ಲಿ ಯಶವಂತಪುರದ ಧಾರಣೆ ಕಂಡ ಕೂಡಲೇ ಮನಸ್ಸು 260 ಕಿಲೋಮೀಟರ್ ಆಚೆಗೆ ಓಡುತ್ತದೆ.

ಮೊದಲು ನೋಡಬೇಕಾದದ್ದು ಯಾವ ಧಾರಣೆ ಎಂಬುದನ್ನು. ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರಿರುತ್ತವೆ. ಗರಿಷ್ಠ ಬೆಲೆ ಆಯ್ದ ದಪ್ಪ ಗಡ್ಡೆಗೆ ಸಿಕ್ಕದ್ದು. ನಮ್ಮ ಚೀಲದಲ್ಲಿ ದಪ್ಪ, ಸಣ್ಣ ಎರಡೂ ಇದ್ದರೆ ಎರಡೂ ಊರಿನ ಮಾದರಿ ಬೆಲೆಯನ್ನೇ ಹೋಲಿಸಬೇಕು.

ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗಷ್ಟೆ. ಐವತ್ತು ಕೆ.ಜಿ.ಯ 40 ಚೀಲ, ಅಂದರೆ 20 ಕ್ವಿಂಟಲ್. ದಾವಣಗೆರೆಯಲ್ಲಿ ಕ್ವಿಂಟಲ್‌ಗೆ 1,400 ರೂಪಾಯಿಯಂತೆ 28,000. ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಸೇರಿ ಚೀಲಕ್ಕೆ 30 ರೂಪಾಯಿ ಕಳೆದರೆ ಕೈಗೆ 26,800.

ಯಶವಂತಪುರದಲ್ಲಿ 1,800. ಕ್ವಿಂಟಲ್‌ಗೆ ನಾಲ್ಕು ನೂರು ಹೆಚ್ಚು, ಒಟ್ಟು ಎಂಟು ಸಾವಿರ ಎಂದು ಹಿಗ್ಗುವ ಮುನ್ನ ತೂಕ ನೋಡಿ. ದಾರಿಯಲ್ಲಿ ಆವಿಯಾಗಿ, ಕೊಳೆತು ನೂರಕ್ಕೆ ಮೂರು ಹೋದರೆ ಉಳಿದ 19.4 ಕ್ವಿಂಟಲ್‌ಗೆ 34,920. ನಾಲ್ಕಾರು ರೈತರು ಸೇರಿ ಲಾರಿ ಹಿಡಿದು ಚೀಲಕ್ಕೆ 80 ಕೊಟ್ಟರೆ ಬಾಡಿಗೆ 3,200, ಹಮಾಲಿ 600, ಜೊತೆಗೆ ಹೋಗಿಬರುವ ಖರ್ಚು 800. ಉಳಿದದ್ದು 30,320. ಲಾಭ 3,520 ರೂಪಾಯಿ.

ಅದೇ 40 ಚೀಲಕ್ಕೆ ಒಬ್ಬನೇ 9,000ಕ್ಕೆ ಗಾಡಿ ಮಾಡಿಕೊಂಡರೆ ಉಳಿಯುವುದು 24,520. ದಾವಣಗೆರೆಯಲ್ಲೇ ಮಾರಿದ್ದರೆ 2,280 ಹೆಚ್ಚು ಸಿಗುತ್ತಿತ್ತು! ಬೆಂಗಳೂರಿಗೆ ಖಾಲಿ ಹೊರಟ ಲಾರಿ ಸಿಕ್ಕರೆ ಬಾಡಿಗೆ ಇಳಿದೀತು. ಅದನ್ನು ನಂಬಿ ಕೊಯ್ಲು ಮಾಡಲಾಗದು.

ಪಾಲಿನ ಲಾರಿಯ ಲಾಭವೂ ಬೆಳಗಾಗುವಷ್ಟರಲ್ಲಿ ಕರಗಬಹುದು. ಯಶವಂತಪುರದ ಬೆಲೆ ಸುಮಾರು 1,620ಕ್ಕೆ ಇಳಿದರೆ ಎರಡೂ ಮಾರುಕಟ್ಟೆ ಸಮಸಮ. ಆವಕ ಏರಿದ ದಿನ ಕ್ವಿಂಟಲ್‌ಗೆ 180 ರೂಪಾಯಿ ಇಳಿಯುವುದೇನು ದೊಡ್ಡದಲ್ಲ. ದಾವಣಗೆರೆಯಲ್ಲಿ ದರ ಒಗ್ಗದಿದ್ದರೆ ಮಾಲು ಮನೆಗೆ ವಾಪಸ್ ತರಬಹುದು. ಅಷ್ಟು ದೂರದಿಂದ ತರುವುದೆಂದರೆ ಮತ್ತೊಂದು ಬಾಡಿಗೆ, ಹಾಗಾಗಿ ಹೇಳಿದ ದರಕ್ಕೆ ಕೊಡಲೇಬೇಕಾಗುತ್ತದೆ.

ಮಳೆಗೆ ಸಿಕ್ಕ ಗಡ್ಡೆಯನ್ನಂತೂ ದೂರ ಕಳಿಸಬಾರದು. ಕುತ್ತಿಗೆ ಒಣಗದೆ ಹಸಿಯಾಗಿದ್ದರೆ ಚೀಲದೊಳಗೆ ಬಿಸಿಯೇರಿ ಕೊಳೆಯುತ್ತದೆ. ಲೆಕ್ಕದಲ್ಲಿ ಹಿಡಿದ ನೂರಕ್ಕೆ ಮೂರು ಹತ್ತಕ್ಕೇರಿದರೆ 20 ಕ್ವಿಂಟಲ್‌ನಲ್ಲಿ ಉಳಿಯುವುದು 18, ಬರುವುದು 32,400. ಲಾಭ ಒಂದು ಸಾವಿರಕ್ಕೆ ಇಳಿಯುತ್ತದೆ. ಕೊಳೆತದ್ದು ಕಂಡ ಖರೀದಿದಾರ ಇಡೀ ಲಾಟಿನ ದರವನ್ನೇ ಕಡಿಮೆ ಮಾಡಿದರೆ ಅದೂ ಇಲ್ಲ.

ಮಂಡಿಯವನು ಕೊಡುವ ಪಟ್ಟಿಯನ್ನೂ ಸಾಲುಸಾಲಾಗಿ ಓದಿ. ಕಾಯ್ದೆಯ ಪ್ರಕಾರ ದಲ್ಲಾಳಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. 34,920ರಲ್ಲಿ ನೂರಕ್ಕೆ ಐದು ಹಿಡಿದರೂ 1,746 ಹೋಯಿತು. 3,520ರ ಲಾಭದಲ್ಲಿ ಅರ್ಧ ಅಲ್ಲಿಗೇ ಮುಗಿಯಿತು.