ತರಬೇತಿಗೆ ಬರುವ ವಕೀಲರಿಗೆ ಎಷ್ಟು ಕೊಡಬೇಕು?

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಕಾಯ್ದೆಯ ಪ್ರಕಾರ, ಮಾಲೀಕರು ಆಗಾಗ ಅರಿವು ಕಾರ್ಯಾಗಾರ ನಡೆಸಲೇಬೇಕು. ಹಾಗಾಗಿ ಗಾರ್ಮೆಂಟ್ಸ್ ಕಾರ್ಖಾನೆಯ ಎಚ್‌ಆರ್ ವಿಭಾಗ ಹೊರಗಿನಿಂದ ಒಬ್ಬ ವಕೀಲರನ್ನು ಕರೆಸುತ್ತದೆ. ಎಡವಟ್ಟು ಶುರುವಾಗುವುದು ಗೌರವಧನದ ಮಾತು ಬಂದಾಗ.

ಈ ಕಾಯ್ದೆಯ ನಿಯಮಗಳಲ್ಲಿ ದಿನಕ್ಕೆ 200 ರೂಪಾಯಿ ಭತ್ಯೆ, ಎಸಿ ತ್ರೀ ಟಯರ್ ರೈಲು ಅಥವಾ ಎಸಿ ಬಸ್ಸಿನ ಪ್ರಯಾಣ ವೆಚ್ಚ ಎಂದಿದೆ. ಇದನ್ನು ಓದಿದ ಲೆಕ್ಕಪತ್ರ ವಿಭಾಗದವರು ‘ಅಷ್ಟೇ ಕೊಡೋಣ’ ಎನ್ನುತ್ತಾರೆ. ಆದರೆ ಆ ದರ ಆಂತರಿಕ ಸಮಿತಿಯ ಹೊರಗಿನ ಸದಸ್ಯರು ದೂರಿನ ವಿಚಾರಣೆಗೆ ಕೂತ ದಿನಕ್ಕೆ. ಉಪನ್ಯಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ಉಪನ್ಯಾಸದ ಮೊತ್ತವನ್ನು ಮಾತಾಡಿಯೇ ಗೊತ್ತುಮಾಡಿಕೊಳ್ಳಬೇಕು.

ಒಂದು ಲೆಕ್ಕ ನೋಡಿ. ತುಮಕೂರಿನ ಕಾರ್ಖಾನೆಯೊಂದು ಬೆಂಗಳೂರಿನ ವಕೀಲೆಯೊಬ್ಬರನ್ನು ಮೂರು ತಂಡಗಳಿಗೆ ತರಬೇತಿ ಕೊಡಲು ಕರೆದು, ಆಮೇಲೆ ಅದೇ ಆರ್ಥಿಕ ವರ್ಷದಲ್ಲಿ ನಾಲ್ಕನೆಯ ತಂಡಕ್ಕೂ ಕರೆದಿದೆ ಎಂದುಕೊಳ್ಳಿ. ತಂಡಕ್ಕೆ 15,000 ರೂಪಾಯಿ. ಮೂರು ತಂಡ ಮುಗಿಯುವವರೆಗೆ ಒಟ್ಟು 45,000; ತೆರಿಗೆ ಹಿಡಿಯುವ ಪ್ರಶ್ನೆಯಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ವೃತ್ತಿಪರರಿಗೆ ಕೊಡುವ ಹಣ 50,000 ದಾಟಿದರೆ ಶೇ. 10 ಮೂಲದಲ್ಲೇ ಕಡಿತ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು. ನಾಲ್ಕನೆಯ ತಂಡಕ್ಕೆ ಮೊತ್ತ 60,000 ಆಗುತ್ತದೆ. ಕಡಿತ ಮಾಡಬೇಕಾದದ್ದು ಆ 60,000ಕ್ಕೂ, ಅಂದರೆ 6,000. ಆಕೆಯ ಕೈಗೆ ಬರುವುದು 15,000 ಅಲ್ಲ, 9,000! ಮೊದಲೇ ಹೇಳದಿದ್ದರೆ ಯಾರಿಗಾದರೂ ಮುಖ ಸಪ್ಪಗಾಗುತ್ತದೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇ. 20ಕ್ಕೆ ಏರುತ್ತದೆ.

ಆದ್ದರಿಂದ ಆಹ್ವಾನ ಪತ್ರದಲ್ಲೇ ಮೊತ್ತ, ತೆರಿಗೆ ಕಡಿತ, ಹಣ ಎಷ್ಟು ದಿನದೊಳಗೆ ಖಾತೆಗೆ ಬೀಳುತ್ತದೆ ಎಂಬುದು ಇರಲಿ. ಪ್ಯಾನ್ ಮತ್ತು ಬ್ಯಾಂಕ್ ವಿವರವನ್ನೂ ಆಗಲೇ ಕೇಳಿಕೊಳ್ಳಿ, ಕಾರ್ಯಕ್ರಮ ಮುಗಿದು ಕೈಮುಗಿಯುವ ಹೊತ್ತಿಗಲ್ಲ. ಕಾರನ್ನು ಕಾರ್ಖಾನೆಯೇ ಗೊತ್ತುಮಾಡಿ ಬಾಡಿಗೆ ಕೊಟ್ಟರೆ ಬಿಲ್ಲಿನ ತಕರಾರೂ ಇರುವುದಿಲ್ಲ.

ಇನ್ನು ಸ್ಥಳ. ಹೊಲಿಗೆ ಯಂತ್ರಗಳ ಸದ್ದಿಗೆ ಹತ್ತಿರದ ಕ್ಯಾಂಟೀನ್ ಬೇಡ. ಒಂದು ಲೈನ್ ಪೂರ್ತಿ ನಿಲ್ಲಿಸಿದರೆ ಉತ್ಪಾದನಾ ವಿಭಾಗದವರು ಒಪ್ಪುವುದಿಲ್ಲ. ಬೇರೆಬೇರೆ ಲೈನಿನಿಂದ ಕೆಲವರನ್ನಷ್ಟೇ ಬಿಡಿಸಿ ತಂಡ ಮಾಡುವುದು ರೂಢಿ. ಅದರಲ್ಲಿ ಸೂಪರ್‌ವೈಸರ್‌ಗಳನ್ನು ಸೇರಿಸಬೇಡಿ. ಹಿಂದಿನ ಸಾಲಿನಲ್ಲಿ ಅವರು ಕೂತಿದ್ದರೆ ಪ್ರಶ್ನೆ ಕೇಳುವವರೇ ಇರುವುದಿಲ್ಲ, ಉಪನ್ಯಾಸ ಚೆನ್ನಾಗಿತ್ತು ಎಂದು ಚಪ್ಪಾಳೆ ಮಾತ್ರ ಬೀಳುತ್ತದೆ. ಅವರಿಗೆ ಪ್ರತ್ಯೇಕ ತಂಡವೇ ಇರಲಿ.

ವಕೀಲರಿಗೆ ಮುಂಚಿತವಾಗಿ ತಿಳಿಸಬೇಕಾದ್ದು ಇನ್ನೂ ಇದೆ: ಕೇಳುವವರಲ್ಲಿ ಹಿಂದಿ, ಒಡಿಯಾ ಮಾತಾಡುವವರು ಎಷ್ಟು ಮಂದಿ, ಸಮಿತಿಯ ಸದಸ್ಯರು ಯಾರು, ದೂರು ಕೊಡುವುದು ಎಲ್ಲಿ. ಸಮಿತಿಯ ಹೆಸರುಗಳೇ ಗೊತ್ತಿಲ್ಲದೆ ಬಂದವರು ಕಾನೂನಿನ ಕಲಮುಗಳನ್ನು ಓದಿ ಹೋಗುತ್ತಾರೆ. ತಂಡದಲ್ಲಿದ್ದವರ ಹಾಜರಾತಿ ಸಹಿಯನ್ನು ಅದೇ ದಿನ ತೆಗೆದಿಟ್ಟುಕೊಳ್ಳಿ. ತಪಾಸಣೆಗೆ ಬಂದವರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ತೆರಿಗೆ ಕಡಿತದ ಪ್ರಮಾಣಪತ್ರವನ್ನು ವಕೀಲೆಗೆ ಕಳಿಸುವುದನ್ನೂ ಮರೆಯಬೇಡಿ, ಆ 6,000 ಅವರ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ.